ಬಳೆ ಅಂಗಡಿ ಮುಂದೆ ಸಿಕ್ಕ ಸಪ್ಪಲಮ್ಮ

ಮಗಳು ತೀರಿಕೊಂಡ ವಾರದಲ್ಲೇ ಮುನಿಗಂಗಮ್ಮ ಹೊಸಕೋಟೆ ಪೇಟೆಗೆ ಹೊರಟಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಸೂತಕದ ಮೈಯಲ್ಲಿ ಪೇಟೆ ತಿರುಗ್ತೀಯಾ? ಏನು ಬೇಕೋ ಹೇಳು, ನಾವು ತರಿಸ್ತೀವಿ" ಎಂದು ವಾರಗಿತ್ತಿ ಬಾಗಿಲಿಗೆ ಅಡ್ಡ ನಿಂತಳು. ಗಂಡ ಬೈರಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ತಿರುಗಿ ಕೂಡ ನೋಡಲಿಲ್ಲ. ಹನ್ನೊಂದನೇ ದಿನದ ಎಡೆಗೆ ಮಮತಳಿಗೆ ಇಷ್ಟವಾದದ್ದೆಲ್ಲ ಇಡಬೇಕಿತ್ತು. ಅವಳಿಗೆ ಯಾವುದು ಇಷ್ಟವೆಂದು ಬೇರೆ ಯಾರಿಗೆ ಗೊತ್ತು? ಅದು ಒಂದು ಕಾರಣ. ಇನ್ನೊಂದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬಂದ ನೆಂಟರೆಲ್ಲ ಅವಳ ಮುಖ ಕಂಡ ಕೂಡಲೇ ಅಳುತ್ತಿದ್ದರು. ಅವರು ಅತ್ತರೆ ಅವಳೂ ಅಳಬೇಕಾಗುತ್ತಿತ್ತು. ಅತ್ತೂ ಅತ್ತೂ ಎದೆ ಒಣಗಿಹೋಗಿತ್ತು.

ಮಮತಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಮೊದಲು ತಲೆನೋವು ಎಂದಳು, ಮಾರನೆಯ ದಿನ ಜ್ವರ, ಆಮೇಲೆ ಮಾತು ತೊದಲಿತು. ಮೆದುಳು ಜ್ವರ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳುವಷ್ಟರಲ್ಲಿ ತಾಯಿಯ ಗುರುತೇ ಅವಳಿಗೆ ಸಿಗದಾಗಿತ್ತು. ಹೀಗೆ ಒಂದು ವಾರ ಕೂಡ ಹಿಡಿಯದೆ ಎಲ್ಲ ಮುಗಿದುಹೋಯಿತು.

ಪೇಟೆಯಲ್ಲಿ ಯಾರೂ ಅವಳನ್ನು ಗುರುತು ಹಿಡಿಯಲಿಲ್ಲ. ಅದೇ ಅವಳಿಗೆ ಬೇಕಾಗಿತ್ತು. ತಕ್ಕಡಿಯವರ ಕೂಗು, ಬಸ್ಸುಗಳ ಹಾರನ್ನು, ಕೊತ್ತಂಬರಿ ಸೊಪ್ಪಿನ ರಾಶಿ ಎಲ್ಲ ಎಂದಿನಂತೆಯೇ ಇದ್ದವು. ಕಡಲೆಪುರಿ ಕಟ್ಟಿಸಿದಳು, ಬೆಂಡು ಬತ್ತಾಸು ತೆಗೆದುಕೊಂಡಳು. ಆಮೇಲೆ ಬಳೆ ಅಂಗಡಿ ಮುಂದೆ ನಿಂತು ಹಸಿರು ಗಾಜಿನ ಬಳೆಗಳನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು. ಮಗಳ ಅಳತೆ ಅವಳ ಕೈಗೆ ಗೊತ್ತಿತ್ತು.

ಆಗ ಹಿಂದಿನಿಂದ ಬೆನ್ನಿಗೆ ಒಂದು ಗುದ್ದು ಬಿತ್ತು.

"ಏನೇ ಮುನಿಗಂಗಿ, ಕಣ್ಣು ಕಾಣ್ಸಲ್ವಾ ನಿಂಗೆ? ಆಗ್ಲಿಂದ ಕೂಗ್ತಾ ಇದ್ದೀನಿ."

ತಿರುಗಿ ನೋಡಿದರೆ ಸಪ್ಪಲಮ್ಮ. ಬಲ್ಬಿನ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ವರ್ಷಗಟ್ಟಲೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವಳು. ಸೂಪರ್‌ವೈಸರ್ ಆ ಕಡೆ ತಿರುಗಿದರೆ ಸಾಕು, ಹೀಗೇ ಬೆನ್ನಿಗೆ ಗುದ್ದಿ ನಗಿಸುತ್ತಿದ್ದಳು. ತೊಂಬತ್ತೆರಡರಲ್ಲಿ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಮುನಿಗಂಗಮ್ಮ ರೇಷ್ಮೆ ಹುಳು ಸಾಕುವ ಮನೆಗೆ ಕೂಲಿಗೆ ಹೋದಳು, ಸಪ್ಪಲಮ್ಮ ಗಂಡನ ಜೊತೆ ಮಾಲೂರಿನ ಕಡೆ ಹೋದಳು. ನೋಡಿ ಎರಡು ವರ್ಷದ ಮೇಲಾಗಿತ್ತು. ಸಪ್ಪಲಮ್ಮ ಒಂದಿಷ್ಟು ಮೈ ತುಂಬಿಕೊಂಡಿದ್ದಳು. ಎರಡೂ ಕೈಯಲ್ಲಿ ಚೀಲ, ಮುಡಿಯಲ್ಲಿ ಮಲ್ಲಿಗೆ.

ಇನ್ನೊಂದು ಕ್ಷಣವಾಗಿದ್ದರೆ ಮುನಿಗಂಗಮ್ಮ ಆ ಹೆಗಲಿಗೆ ಒರಗಿ ಎಲ್ಲ ಹೇಳಿಬಿಡುತ್ತಿದ್ದಳು. ಅಷ್ಟರಲ್ಲಿ ಚೀಲದ ಬಾಯಿಂದ ಇಣುಕುತ್ತಿದ್ದ ಅರಿಶಿನದ ಕೊಂಬು, ಬಾಸಿಂಗದ ಜರಿ ಅವಳ ಕಣ್ಣಿಗೆ ಬಿದ್ದವು.

"ಏನೇ ಇದು, ಮದುವೆ ಸಾಮಾನು?" ಎಂದಳು.

"ಅನಿತಂದು ಕಣೆ. ಈ ಭಾನುವಾರ. ಗಂಡು ಕೋಲಾರದೋನು, ಮೇಷ್ಟ್ರು. ಕುಡಿತ ಗಿಡಿತ ಏನೂ ಇಲ್ಲ." ಮಗಳ ಮಾತು ಬರುತ್ತಲೇ ಸಪ್ಪಲಮ್ಮನ ಮುಖ ಅರಳಿತು. "ನಾಳೆ ಅರಿಶಿನ ಹಚ್ಚೋದು. ಕೊನೇ ಗಳಿಗೇಲಿ ಏನೇನೋ ಮರೆತಿದ್ದು ನೆನಪಾಯ್ತು, ಓಡಿ ಬಂದೆ."

ಮುನಿಗಂಗಮ್ಮ ಗೊತ್ತಾಗದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು. ಮುಟ್ಟಿಸಿಕೊಂಡದ್ದಾಯಿತು, ಇನ್ನು ಆ ಚೀಲಗಳಿಗಾದರೂ ತನ್ನ ಸೆರಗು ತಾಗಬಾರದು ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಬಾಯಿಬಿಟ್ಟರೆ ಇವಳು ಪೇಟೆಯ ನಡುವೆಯೇ ಚೀಲ ಕೆಳಗೆ ಹಾಕಿ ಅಳುತ್ತಾಳೆ. ಬೀಗರಿಗೆ ಸುದ್ದಿ ಮುಟ್ಟುತ್ತದೆ. ಮದುವೆ ಸಾಮಾನು ತರುವಾಗ ಸಾವಿನ ಮನೆಯವಳು ಎದುರಾದಳಂತೆ ಎಂದು ನಾಳೆ ಅನಿತಳಿಗೆ ಸ್ವಲ್ಪ ತಲೆನೋವು ಬಂದರೂ ಮಾತಾಗುತ್ತದೆ. ಸಪ್ಪಲಮ್ಮ ಹಾಗೆ ಅನ್ನುವವಳಲ್ಲ. ಆದರೆ ಅನ್ನುವವರು ಸುತ್ತ ಇದ್ದೇ ಇರುತ್ತಾರೆ.

"ಒಳ್ಳೇದಾಯ್ತು ಕಣೆ," ಎಂದಳು, ನಗು ತಂದುಕೊಂಡು. "ಆಯುಧ ಪೂಜೆ ದಿವ್ಸ ಮಿಷಿನ್ ಕೆಳಗೆ ಕೂತು ಪುರಿ ತಿಂತಿದ್ದ ಹುಡುಗಿ ಅಲ್ವಾ ಅದು? ಎಷ್ಟು ಎತ್ತರ ಆಗವ್ಳೆ ಈಗ?"

"ನನಗಿಂತ ಎತ್ತರ. ನಿನ್ನ ಮಮತ ಹೆಂಗವಳೆ? ಅವತ್ತು ಇಬ್ರೂ ಒಂದೇ ಪೊಟ್ಟಣಕ್ಕೆ ಕಿತ್ತಾಡಿದ್ರಲ್ಲ."

ವಾರದಿಂದ ಈಚೆಗೆ ಎಲ್ಲರೂ ಮಮತಳನ್ನು 'ಇದ್ದಳು', 'ಮಾಡುತ್ತಿದ್ದಳು' ಎಂದೇ ಹೇಳುತ್ತಿದ್ದರು. ಇವಳೊಬ್ಬಳು ಹೆಂಗವಳೆ ಎಂದಳು. ಮಗಳು ಮನೆಯಲ್ಲಿ ಕಸ ಗುಡಿಸುತ್ತಲೋ, ಜಡೆ ಹಾಕಿಕೊಳ್ಳುತ್ತಲೋ ಇದ್ದಾಳೆ, ತಾನು ಬೇಗ ಮನೆಗೆ ಹೋಗಬೇಕು ಎಂದು ಮುನಿಗಂಗಮ್ಮನಿಗೆ ಅನ್ನಿಸಿತು.

"ಮಮತಂಗೇ ತಗೋತಿದ್ದೀನಿ," ಎಂದು ಕೈಯಲ್ಲಿದ್ದ ಬಳೆ ತೋರಿಸಿದಳು. ಅಷ್ಟಂತೂ ಸುಳ್ಳಲ್ಲ.

"ಹಸಿರು ಯಾಕೆ? ನೀಲಿ ತಗೊಳ್ಳೆ, ಬೆಳ್ಳಗವಳೆ, ಎದ್ದು ಕಾಣ್ಸುತ್ತೆ. ಅಣ್ಣಾ, ಆ ಮೇಲಿರೋ ನೀಲಿದು ತೆಗಿ." ಸಪ್ಪಲಮ್ಮ ತಾನೇ ಬಳೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಒಂದು ಜೊತೆ ಆರಿಸಿ, ಅಂಗಡಿಯವನ ಕೈಗೆ ಕೊಟ್ಟಳು. "ಇದನ್ನ ಕಟ್ಟಿಕೊಡು. ಏನು, ಅವಳಿಗೂ ಗಂಡು ಗೊತ್ತಾಯ್ತಾ?"

"ಇಲ್ಲ ಕಣೆ."

"ಆಗುತ್ತೆ ಬಿಡು. ಬೈರಪ್ಪಣ್ಣ?"

"ಅವ್ರು ಮಲಗವ್ರೆ. ಮೈ ಸರಿಯಿಲ್ಲ. ನಿಮ್ಮೋರು ಹೆಂಗವ್ರೆ? ಆ ಮಂಡಿನೋವು ಹೋಯ್ತಾ?"

ಮಾತು ತನ್ನ ಕಡೆ ತಿರುಗಿದಾಗಲೆಲ್ಲ ಅದನ್ನು ಆ ಕಡೆಗೇ ಹೀಗೆ ದಾಟಿಸುತ್ತಿದ್ದಳು. ಮಂಡಿನೋವಿನ ಮಾತು, ಅಡುಗೆಯವರ ಮಾತು, ಛತ್ರದ ನೀರಿನ ಮಾತು ಬಂದುಹೋದವು. ಸಪ್ಪಲಮ್ಮ ಹೇಳುತ್ತಾ ಹೋದಳು, ಇವಳು "ಹೌದಾ", "ಅಯ್ಯೋ ಪಾಪ", "ಒಳ್ಳೇದೇ ಆಯ್ತು" ಎನ್ನುತ್ತಾ ಬಂದಳು. ಬಳೆ ಅಂಗಡಿಯ ಕಂಬಕ್ಕೆ ಒರಗಿ ನಿಂತಳು.

ಇದ್ದಕ್ಕಿದ್ದಂತೆ ಸಪ್ಪಲಮ್ಮ ಚೀಲಕ್ಕೆ ಕೈ ಹಾಕಿದಳು. "ಇರು, ದಾರೀಲಿ ಕೊಡ್ತವ್ಳೆ ಅಂತ ಬೇಜಾರು ಮಾಡ್ಕೋಬೇಡ. ನಿಮ್ಮೂರಿಗೆ ಬರೋಕೆ ಆಗ್ಲೇ ಇಲ್ಲ." ಅವಳ ಕೈಯಲ್ಲಿ ಲಗ್ನಪತ್ರಿಕೆ, ಜೊತೆಗೆ ಕುಂಕುಮದ ಪುಟ್ಟ ಡಬ್ಬಿ.

ಸೂತಕದಲ್ಲಿ ಮುನಿಗಂಗಮ್ಮ ಆ ಕುಂಕುಮ ಇಟ್ಟುಕೊಳ್ಳುವಂತಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಮನೆಗೇ ಬಂದು ಕರಿ ಎಂದರೆ, ಇವಳು ಬಂದರೂ ಬಂದಾಳು.

"ತೆಗಿ ಅತ್ಲಾಗೆ," ಎಂದಳು, ಹುಸಿಮುನಿಸಿನಿಂದ. "ನನ್ನನ್ನ ಕಾರ್ಡ್ ಕೊಟ್ಟು ಕರೀತೀಯಾ? ಒಂದೇ ತಟ್ಟೇಲಿ ಉಂಡೋಳು ನಾನು. ಕುಂಕುಮ ಕೊಟ್ಟು ಕರೆದ್ರೆ ಹೊರಗಿನೋಳಾಗ್ತೀನಿ. ಅದನ್ನ ಯಾರಾದ್ರೂ ದೊಡ್ಡ ಮನುಷ್ಯರಿಗೆ ಕೊಡು, ಹೋಗು."

ಸಪ್ಪಲಮ್ಮ ನಗುತ್ತಾ ಡಬ್ಬಿ ಒಳಗಿಟ್ಟಳು. "ನಿನ್ನ ಬಾಯಿ ಇನ್ನೂ ಹಂಗೇ ಐತೆ. ಬರ್ತೀಯ ತಾನೆ?"

"ಬರೋಕೆ ಆಗ್ಲಿ ಬಿಡ್ಲಿ, ಭಾನುವಾರ ನನ್ನ ಮನಸ್ಸೆಲ್ಲ ನಿಮ್ಮ ಛತ್ರದಲ್ಲೇ ಇರುತ್ತೆ. ಅನಿತಂಗೆ ನಾನು ಕೇಳ್ದೆ ಅಂತ ಹೇಳು, ಚೆನ್ನಾಗಿರ್ಲಿ ಮಗು. ನೀನು ಹೊರಡು ಈಗ. ಮದುವೆ ಮನೆ ಯಜಮಾನ್ತಿ ಬೀದೀಲಿ ನಿಂತ್ರೆ ಅಲ್ಲಿ ಕೆಲಸ ಯಾರು ನೋಡ್ತಾರೆ?"

"ಹೌದು ಕಣೆ, ನಂಗೂ ತಡ ಆಯ್ತು."

"ಮತ್ತೆ, ಮನೆಗೆ ಹೋಗ್ತಿದ್ದಂಗೆ ತಲೆ ಮೇಲೆ ನೀರು ಹಾಕ್ಕೊಂಡು ಆಮೇಲೆ ಸಾಮಾನು ಒಳಗಿಡು. ಪೇಟೆ ಧೂಳು, ನಾಳೆ ಅರಿಶಿನ."

"ಆಯ್ತು ಅಜ್ಜಿ," ಎಂದು ಸಪ್ಪಲಮ್ಮ ನಕ್ಕಳು. "ಸರಿ, ಬರ್ತೀನಿ."

ಅವಳು ಜನದ ನಡುವೆ ಮರೆಯಾಗುವವರೆಗೂ ಮುನಿಗಂಗಮ್ಮ ನಗುಮುಖ ಇಟ್ಟುಕೊಂಡೇ ನಿಂತಿದ್ದಳು. ಸಪ್ಪಲಮ್ಮ ಒಮ್ಮೆ ತಿರುಗಿ ನೋಡಿದಳು ಕೂಡ. ಆಮೇಲೆ ಅಂಗಡಿಯವನು ನೀಲಿ ಬಳೆಯ ಪೊಟ್ಟಣ ಚಾಚಿದ. ಅದನ್ನು ಹಿಡಿದುಕೊಳ್ಳಲು ಬೆರಳುಗಳು ಮಡಚಲಿಲ್ಲ. ಅವನೇ ಎದ್ದು ಬಂದು ಅವಳ ಚೀಲಕ್ಕೆ ಹಾಕಿದ. "ಕೂತ್ಕೊಳಿ ಅಮ್ಮ, ನೀರು ಬೇಕಾ?" ಎಂದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದು ಬರದ ಹಾಗೆ ಅತ್ತಳು.

ಹನ್ನೊಂದನೇ ದಿನ ಆ ಬಳೆಗಳನ್ನು ಹೊಸ ಲಂಗದ ಪಕ್ಕ ಎಡೆಯಲ್ಲಿ ಇಟ್ಟರು. ಸೂತಕ ಕಳೆಯಿತು, ನೆಂಟರು ಹೋದರು. ಬೈರಪ್ಪ ಎದ್ದು ಕೂತ, ಆದರೆ ಮಾತು ಬಿಟ್ಟಿದ್ದ.

ಮದುವೆಯಾಗಿ ಹದಿನೈದು ದಿನಕ್ಕೆ ಸಪ್ಪಲಮ್ಮ ಹುಡುಕಿಕೊಂಡು ಬಂದಳು. ಹಳೆಯ ಕಾರ್ಖಾನೆಯ ಪಿಳ್ಳಮ್ಮ ಎಂಬವಳಿಂದ ವಿಷಯ ತಿಳಿದಿತ್ತಂತೆ. ಒಳಗೆ ಬಂದವಳು ಕೂರಲಿಲ್ಲ. ಗೋಡೆಗೆ ಹೊಸದಾಗಿ ತೂಗುಹಾಕಿದ್ದ ಮಮತಳ ಫೋಟೋವನ್ನೂ ಅದರ ಹಾರವನ್ನೂ ನೋಡಿದಳು.

"ಯಾಕೆ ಹೇಳ್ಲಿಲ್ಲ ನೀನು?" ಎಂದಳು. ದನಿ ಒಡೆದಿತ್ತು, ಅದರಲ್ಲಿ ಸಿಟ್ಟೂ ಇತ್ತು. "ಹಲ್ಲು ಕಿರಿದ್ಕೊಂಡು ನಿಂತಿದ್ದೆ ನಾನು ನಿನ್ನ ಮುಂದೆ. ನೀಲಿ ಬಳೆ ಆರಿಸಿಕೊಟ್ಟೆ. ಗಂಡು ಗೊತ್ತಾಯ್ತಾ ಅಂತ ಕೇಳ್ದೆ. ಯಾವ ಜನ್ಮದ ಸೇಡು ತೀರಿಸ್ಕೊಂಡೆ ಮುನಿಗಂಗಿ?"

"ಸೇಡಲ್ಲ ಕಣೆ. ನಿನ್ನ ಚೀಲದಲ್ಲಿ ಅರಿಶಿನ ಇತ್ತು."

"ಇದ್ರೆ? ಅರಿಶಿನ ದೊಡ್ಡದಾ ನಿನ್ನ ಮಗಳಿಗಿಂತ?"

ಅರಿಶಿನ ಪೂರ್ತಿ ಕಾರಣವಲ್ಲವೆಂದು ಮುನಿಗಂಗಮ್ಮನಿಗೇ ಗೊತ್ತಿತ್ತು.

"ಮಮತ ಹೆಂಗವಳೆ ಅಂತ ಕೇಳ್ದೆ ನೀನು," ಎಂದಳು. "ಆ ಹೊತ್ತು ಅವಳು ಮನೇಲಿದ್ದಂಗೇ ಇತ್ತು ನಂಗೆ. ಹೇಳಿದ್ರೆ ಅದೂ ಹೋಗ್ತಿತ್ತು. ನಿನಗೋಸ್ಕರ ಸುಮ್ಮನಿದ್ದೆ ಅಂದ್ಕೊಬೇಡ, ನನಗೋಸ್ಕರವೂ ಇದ್ದೆ."

ಸಪ್ಪಲಮ್ಮ ನೆಲಕ್ಕೆ ಕುಸಿದು ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಜ್ವರ ಬಂದ ದಿನದಿಂದ ಆಸ್ಪತ್ರೆಯ ಕೊನೆಯ ಬೆಳಗಿನವರೆಗೂ ಮುನಿಗಂಗಮ್ಮ ಒಂದೂ ಬಿಡದೆ ಹೇಳಿದಳು. ಹೀಗೆ ಪೂರ್ತಿಯಾಗಿ ಅವಳು ಯಾರಿಗೂ ಹೇಳಿರಲಿಲ್ಲ. ಹೊತ್ತು ಇಳಿಯುವಾಗ ಸಪ್ಪಲಮ್ಮ ಎದ್ದು, ತಿಂಗಳಿಗೊಂದು ಸಲವಾದರೂ ಬಂದು ಹೋಗುತ್ತೇನೆಂದು ಮಾತು ಕೊಟ್ಟಳು.

ಅವಳು ಮತ್ತೆ ಬರಲಿಲ್ಲ. ಅನಿತ ಬಸುರಿಯಾದಳಂತೆ. ವಯಸ್ಸಿನ ಹುಡುಗಿ ಸತ್ತ ಮನೆಗೆ ಹೋಗಿಬಂದು ಬಸುರಿಯನ್ನು ಮುಟ್ಟಬೇಡಿ ಎಂದು ಬೀಗರು ಹೇಳಿದರಂತೆ. ಅದನ್ನೂ ಪಿಳ್ಳಮ್ಮನೇ ಬಂದು ತಿಳಿಸಿದಳು. "ಸಪ್ಪಲಮ್ಮಂಗೆ ಬೇಜಾರಿಲ್ದೆ ಏನಿಲ್ಲ, ಆದ್ರೆ ಏನ್ ಮಾಡ್ತಾಳೆ" ಎಂದಳು.

"ಏನೂ ಮಾಡೋಕಾಗಲ್ಲ," ಎಂದಳು ಮುನಿಗಂಗಮ್ಮ. ಪಿಳ್ಳಮ್ಮನ ಮುಂದೆ ಕಾಫಿ ಲೋಟ ಇಟ್ಟು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.