ಜಾಣಕುರುಡು

ವಿಚಾರಣೆಯ ಕೋಣೆಯಲ್ಲಿ ದುಭಾಷಿ ಹೆಂಗಸಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಎದುರಿಗೆ ಲಾಂಡ್ರಿಯ ಕೆಲಸದವಳು ಸುಟ್ಟ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಕೂತಿದ್ದಳು. ಇಸ್ತ್ರಿ ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಕಂಬಿಯನ್ನು ಯಾರೋ ಬಿಚ್ಚಿಟ್ಟಿದ್ದರು. ಅದು ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತು ತೀರ್ಮಾನವಾಗಬೇಕಿದ್ದದ್ದು ಅಷ್ಟೇ.

ಮ್ಯಾನೇಜರ್ ತನ್ನ ತಲೆ ಉಳಿಸಿಕೊಳ್ಳುವ ಆತುರದಲ್ಲಿ, ಮೇಸ್ತ್ರಿ ಆ ಕಂಬಿಯ ವಿಷಯದಲ್ಲಿ 'ಟರ್ನ್ಡ್ ಎ ಬ್ಲೈಂಡ್ ಐ' ಎಂದುಬಿಟ್ಟ. ದುಭಾಷಿಗಳು ಸರದಿಯಲ್ಲಿ ಮಾತಾಡುವುದು ರೂಢಿ. ಆಗ ಸರದಿ ಈ ದುಭಾಷಿಯ ಜೊತೆಗಾರನದು. ಕೂದಲು ನೆರೆತ ಆ ಹಿರಿಯ ಆಕಳಿಸುತ್ತಲೇ ಕನ್ನಡಕ್ಕೆ ತಂದ: "ಮೇಸ್ತ್ರಿ ಅದನ್ನ ಗಮನಿಸ್ಲಿಲ್ಲ."

ಕೆಲಸದವಳ ಭುಜ ಕುಸಿಯಿತು. "ನೋಡೇ ಇಲ್ಲ ಅಂದ್ಮೇಲೆ ಅವರದೇನು ತಪ್ಪು? ದೂರು ವಾಪಸ್ ತಗೊತೀನಿ ಬಿಡಿ."

ಹಿರಿಯ ಅದನ್ನು ಇಂಗ್ಲಿಷಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಜೊತೆಗಾತಿ ಕೈ ಎತ್ತಿದಳು. "ಸುಮ್ನಿರಮ್ಮ, ಮಧ್ಯಾಹ್ನ ಆಯ್ತು," ಎಂದು ಅವನು ಗೊಣಗಿದ. ಒಬ್ಬಳ ಕೈ ಬೆಂದಿದೆ, ಇವನಿಗೆ ಊಟದ ಚಿಂತೆ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಹಲ್ಲು ಕಚ್ಚಿ, ವಿಚಾರಣೆ ನಡೆಸುತ್ತಿದ್ದ ಅಧ್ಯಕ್ಷೆಯ ಕಡೆ ತಿರುಗಿ, ಅನುವಾದದಲ್ಲಿ ಒಂದು ತಪ್ಪಾಗಿದೆ, ಸರಿಪಡಿಸಲು ಅಪ್ಪಣೆ ಬೇಕು ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಅಧ್ಯಕ್ಷೆ ತಲೆಯಾಡಿಸಿದರು.

"ನೋಡ್ಲಿಲ್ಲ ಅನ್ನೋದಲ್ಲಮ್ಮ ಅದರ ಅರ್ಥ," ಎಂದು ಕೆಲಸದವಳಿಗೆ ಬಿಡಿಸಿ ಹೇಳಿದಳು. "ತಪ್ಪು ನಡೀತಿದೆ ಅಂತ ಚೆನ್ನಾಗಿ ಗೊತ್ತಿದ್ದೂ, ಬೇಕಂತಲೇ ನೋಡದ ಹಾಗೆ ಇರೋದು. ನಾವು ಜಾಣಕುರುಡು ಅಂತೀವಲ್ಲ, ಅದು."

ಅದನ್ನೇ ಇಂಗ್ಲಿಷಿನಲ್ಲೂ ಒಪ್ಪಿಸಿದಳು. ಕನ್ನಡ ಬಲ್ಲ ಕಂಪನಿಯ ವಕೀಲ ಧಡಕ್ಕನೆ ಎದ್ದ. ಮ್ಯಾನೇಜರ್ ಯಾರನ್ನೂ ಜಾಣ ಅಂದಿಲ್ಲ, ಈಕೆ ತನ್ನ ಕಡೆಯಿಂದ ಉಪ್ಪುಖಾರ ಹಚ್ಚುತ್ತಿದ್ದಾಳೆ ಎಂದ.

"ಪದಕ್ಕೆ ಪದ ಇಟ್ಟರೆ ಆ ಮಾತು ಕೆಡುತ್ತೆ," ಎಂದಳು. "ಇಡೀ ಮಾತಿಗೆ ಇಡೀ ಮಾತೇ ಬೇಕು. ಅನುಮಾನ ಇದ್ದರೆ ಹೇಳಿದವರನ್ನೇ ಕೇಳಿ."

ಅಧ್ಯಕ್ಷೆ ಕೇಳಿದರು: ಮೇಸ್ತ್ರಿಗೆ ಗೊತ್ತಿತ್ತೇ? ಮ್ಯಾನೇಜರ್ ವಕೀಲನ ಮುಖ ನೋಡಿದ, ಛಾವಣಿ ನೋಡಿದ, ಕೊನೆಗೆ ಹೌದು ಎಂದು ತಲೆಯಾಡಿಸಿದ.

ಆ 'ಹೌದು' ಕನ್ನಡಕ್ಕೆ ಬರುವ ಮೊದಲೇ ಕೆಲಸದವಳಿಗೆ ತಲುಪಿತ್ತು. ಸೆರಗಿನಿಂದ ಕೈ ಹೊರಬಂತು. ಸುಕ್ಕುಗಟ್ಟಿ ಒಂದಕ್ಕೊಂದು ಅಂಟಿದ ಬೆರಳುಗಳನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

"ದೂರು ವಾಪಸ್ ತಗೊಳಲ್ಲ," ಎಂದಳು. ಮತ್ತೆ ಮ್ಯಾನೇಜರ್ ಕಡೆ ತಿರುಗಿದಳು. "ಮೇಸ್ತ್ರಿದು ಜಾಣಕುರುಡು, ಸರಿ. ಅವನು ನೋಡಿಯೂ ಸುಮ್ನಿದ್ದ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ನಿಮ್ಮದು ಯಾವ ಕುರುಡು ಸ್ವಾಮಿ?"

ಹಿರಿಯ ನೆಲ ನೋಡುತ್ತ ಕೂತಿದ್ದ. ಸರದಿ ಅವನದೇ ಆಗಿದ್ದರೂ ಜೊತೆಗಾತಿ ಕಾಯಲಿಲ್ಲ. ಕೇಳಿದ್ದನ್ನು ಕೇಳಿದಂತೆಯೇ, ದನಿಯನ್ನು ಒಂದಿಷ್ಟೂ ತಗ್ಗಿಸದೆ, ಮ್ಯಾನೇಜರನ ಕಣ್ಣಲ್ಲಿ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಕೇಳಿದಳು.