ಚಾರ್ಜರಿಗೂ ಬಿದ್ದ ಕೆಂಪು ಗುರುತು

ಸಂಸೆ ಹತ್ತಿರದ ಎಸ್ಟೇಟಿನ ಯಜಮಾನ ರಂಗನಾಥರಿಗೆ ಕಾಫಿ ಮೂಟೆಯಿಂದ ಹಿಡಿದು ಏಣಿ, ಬಕೆಟ್ಟಿನವರೆಗೆ ಎಲ್ಲದಕ್ಕೂ ಕೆಂಪು ಬಣ್ಣದಲ್ಲಿ ಗುರುತು ಹಾಕುವ ಚಟ. ಗುರುತಿದ್ದದ್ದೆಲ್ಲ ತಮ್ಮದು, ಬೇರೆಯವರು ಮುಟ್ಟುವಂತಿಲ್ಲ ಎಂಬುದು ಅವರ ಕಾನೂನು. ಹೊಸ ಕ್ಯಾಮೆರಾ ಫೋನು ಕೊಂಡ ದಿನವೇ ಆಫೀಸಿನ ಮೇಜಿನ ಮೇಲಿದ್ದ ಚಾರ್ಜರಿನ ಬೆನ್ನಿಗೂ ಬಳಿದುಬಿಟ್ಟರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನದೂ ಅದೇ ಕಂಪನಿಯ ಫೋನು. ಚಾರ್ಜರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ನೋಡಲು ಅಸಲಿಯಂತೆಯೇ ಇತ್ತು.

"ನಿನ್ನ ಡೂಪ್ಲಿಕೇಟು ಒಂದಿನ ಆಫೀಸಿಗೇ ಬೆಂಕಿ ಹಚ್ಚುತ್ತೆ ಮಾರಾಯ," ಎಂದು ಯಜಮಾನರು ದಿನವೂ ಹಂಗಿಸುತ್ತಿದ್ದರು. ಕೊನೆಗೊಂದು ದಿನ ಎರಡೂ ಚಾರ್ಜರಿನ ಲೇಬಲಿನ ಫೋಟೊ ತೆಗೆದು, ಶೇಷಪ್ಪನನ್ನು ಜೀಪಿಗೆ ಹತ್ತಿಸಿಕೊಂಡು, ಕಳಸದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗಿರಿಯ ಮುಂದೆ ಫೋನು ಹಿಡಿದರು.

ಗಿರಿ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದ. "ಔಟ್‌ಪುಟ್ ಸಾಲು ನೋಡಿ ಸರ್. ಫೋನಿಗೆ ಬೇಕಾದ್ದು ಡಿ.ಸಿ. ಅಸಲಿ ಚಾರ್ಜರಲ್ಲಿ ವೋಲ್ಟಿನ ಪಕ್ಕ ನೇರ ಗೆರೆ, ಅದ್ರ ಕೆಳಗೆ ತುಂಡು ಗೆರೆ. ಒಂದ್ರಲ್ಲಿ ಹಂಗೇ ಇದೆ. ಇನ್ನೊಂದ್ರಲ್ಲಿ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ಹಾವಿನಂಥ ಡೊಂಕು ಗೆರೆ. ಅದು ಎ.ಸಿ. ಗುರುತು. ಕಂಪನಿಯೋರು ಹಂಗೆ ಹಾಕಲ್ಲ. ಅದು ನಕಲಿ."

"ನಾನು ಹೇಳ್ಲಿಲ್ವಾ!" ಯಜಮಾನರು ಹಿಗ್ಗಿದರು.

"ನಕಲಿದ್ರ ಅಂಚಲ್ಲಿ ಕೆಂಪು ಬಣ್ಣ ಇಳಿದಿದೆ ಸರ್."

ಯಜಮಾನರು ಬಣ್ಣ ಬಳಿದ ದಿನ ಮೇಜಿನ ಮೇಲಿದ್ದದ್ದು ತನ್ನ ಚಾರ್ಜರು, ಇಷ್ಟು ದಿನ ತಾನು ಬಳಸಿದ್ದು ಅವರದು ಎಂಬುದು ಶೇಷಪ್ಪನಿಗೆ ಈಗ ಹೊಳೆಯಿತು.

"ಹಂಗಾದ್ರೆ ಆಫೀಸಿಗೆ ಹೋದ್ಮೇಲೆ ನಿಂದು ನೀನು ತಗೊ, ನಂದು ಕೊಡು," ಎಂದರು ಯಜಮಾನರು.

ಶೇಷಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಗುರುತಿದ್ದದ್ದನ್ನ ನಾನು ಹೆಂಗೆ ಮುಟ್ಲಿ ಸರ್?"