ಕಾಮಿರ್ಕರ ಗಮನಕ್ಕೆ

ಪೀಣ್ಯ ಎರಡನೇ ಹಂತದಲ್ಲಿ ಕೃಪಾ ಡಿಟಿಪಿ ಅಂಗಡಿ ಇಟ್ಟು ಹದಿನಾಲ್ಕು ವರ್ಷ. ಕನ್ನಡ ಫೈಲು ಕೆಟ್ಟಿದೆ ಎಂದು ಆ ಬೀದಿಯಲ್ಲಿ ಯಾರು ಅತ್ತರೂ ಅಳು ಬಂದು ನಿಲ್ಲುತ್ತಿದ್ದುದು ಅವಳ ಬಾಗಿಲಲ್ಲೇ. ಆವತ್ತು ಬಂದವನು ಪಕ್ಕದ ರಸ್ತೆಯಲ್ಲಿ ತಗಡು ಒತ್ತುವ ಪ್ರೆಸ್ ಕಾರ್ಖಾನೆಯ ಎಚ್‌ಆರ್ ಭಾನುಪ್ರಕಾಶ್.

"ಮೇಡಂ, ನಾಳೆ ಇನ್‌ಸ್ಪೆಕ್ಷನ್ ಇದೆ. ಪ್ರೆಸ್ ಮಷೀನ್ ಪಕ್ಕ ಹಾಕೋ ಸೂಚನೆ ಇದು. ಹೊಸ ಲ್ಯಾಪ್‌ಟಾಪಲ್ಲಿ ಓಪನ್ ಮಾಡಿದ್ರೆ ಹಿಂಗೆ ಬರುತ್ತೆ."

ಅವನು ತೋರಿಸಿದ ಮೊಬೈಲ್ ಫೋಟೋದಲ್ಲಿ 'AiÀÄAvÀæ' ಎಂದಿತ್ತು. ಸೆಕ್ಯುರಿಟಿಯವನು ಅದನ್ನು ಫ್ರೆಂಚ್ ಎಂದಿದ್ದನಂತೆ.

ಕೃಪಾ ಪೆನ್‌ಡ್ರೈವ್ ಹಾಕಿ ಫೈಲು ತೆರೆದಳು. ಪರದೆಯ ಮೇಲೆ 'ಯಂತ್ರ' ಎಂದು ಚೊಕ್ಕವಾಗಿ ಬಂತು. ಭಾನುಪ್ರಕಾಶ್ ಕಣ್ಣು ಮಿಟುಕಿಸಿದ.

"ನನ್ನ ಕಂಪ್ಯೂಟರಲ್ಲಿ ಹಳೇ ನುಡಿ ಫಾಂಟ್ ಇದೆ ಕಣ್ರೀ. ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡೇ. ಆ ಫಾಂಟು ಅದಕ್ಕೆ ಕನ್ನಡದ ಆಕಾರ ಕೊಡುತ್ತೆ, ಅಷ್ಟೇ. ಫಾಂಟ್ ಇಲ್ಲದ ಕಡೆ ಬಂಡವಾಳ ಬಯಲು."

"ಹಾಗಾದ್ರೆ ಪ್ರಿಂಟ್ ಕೊಟ್ಬಿಡಿ."

"ಕೊಡ್ತೀನಿ. ವಾಟ್ಸಾಪ್ ಗ್ರೂಪಿಗೂ ಹಾಕ್ಬೇಕು ಅಂದ್ರೆ?"

ಅವನು ತಲೆ ಕೆರೆದುಕೊಂಡ. ಹಾಕಬೇಕಿತ್ತು. "ನಿನ್ನೆ ಯಾವುದೋ ವೆಬ್‌ಸೈಟಲ್ಲಿ ಕನ್ವರ್ಟ್ ಮಾಡಿ ನೋಡ್ದೆ," ಎಂದು ಮತ್ತೊಂದು ಫೋಟೋ ತೋರಿಸಿದ. ಮೇಲುಗಡೆ ದಪ್ಪ ಅಕ್ಷರದಲ್ಲಿ 'ಕಾಮಿರ್ಕರ ಗಮನಕ್ಕೆ' ಎಂದಿತ್ತು. ಕೆಳಗೆ, ತುರ್ತು ಬಂದರೆ 'ಖ್ಖಿಔಕ್' ಗುಂಡಿ ಒತ್ತಿ.

ಕೃಪಾ ಬಾಯಿಗೆ ದುಪಟ್ಟಾ ಹಿಡಿದು ನಕ್ಕಳು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ. ಎಲ್ಲ ಮೊಬೈಲಿನಲ್ಲೂ ಕಾಣುವ ಯೂನಿಕೋಡಿನಲ್ಲಿ ಆ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಅದನ್ನು ಸರಿಸದೆ ಬಿಟ್ಟಿದ್ದಕ್ಕೆ ಕಾರ್ಮಿಕರು ಕಾಮಿರ್ಕರಾಗಿದ್ದರು. ಇನ್ನು ಮಷೀನಿನ ಗುಂಡಿಯ ಮೇಲೆ ಇರುವ STOP ಎಂಬ ಇಂಗ್ಲಿಷ್ ಪದವನ್ನೂ ಆ ವೆಬ್‌ಸೈಟು ನುಡಿಯೆಂದೇ ತಿಳಿದು ಕನ್ನಡ ಮಾಡಿತ್ತು.

"ನಂದು ಹಂಗಲ್ಲ. ನುಡಿ ಫಾಂಟಲ್ಲಿ ಇರೋದನ್ನ ಮಾತ್ರ ಹಿಡಿದು ಬದಲಾಯಿಸ್ತೀನಿ. ಇಂಗ್ಲಿಷ್ ಇಂಗ್ಲಿಷಾಗೇ ಇರುತ್ತೆ. ಹನ್ನೊಂದೂವರೆಗೆ ಬನ್ನಿ."

ಹೇಳಿದ ಹೊತ್ತಿಗೆ ಮುಗಿಸಿದಳು. ಕಾರ್ಮಿಕರು ಕಾರ್ಮಿಕರಾದರು, STOP ಉಳಿಯಿತು. ಒಂದಕ್ಷರವೂ ತಪ್ಪಿರಲಿಲ್ಲ. ಆ ಹೆಮ್ಮೆಯಲ್ಲೇ ದೊಡ್ಡ ಹಾಳೆಗೆ ಪ್ರಿಂಟು ತೆಗೆದು, ತಾನೇ ಕಾರ್ಖಾನೆಗೆ ಹೋದಳು.

ಊಟದ ಬಿಡುವಾಗಿತ್ತು. ಪ್ರೆಸ್ ನಡೆಸುವ ಮಹಾದೇವಿ, ಕೊಪ್ಪಳದ ಕಡೆಯವಳು, ಡಬ್ಬಿ ಮುಚ್ಚಿಟ್ಟು ಹಾಳೆಯ ಮುಂದೆ ನಿಂತಳು. ಅದರಲ್ಲಿದ್ದ ಮಷೀನಿನ ಚಿತ್ರದ ಕೆಂಪು ಗುಂಡಿಯಿಂದ ಹೊರಟ ಬಾಣದ ಮೇಲೆ ಬೆರಳಿಟ್ಟು, ಅದು ಮುಟ್ಟಿದ ಸಾಲಿನ ತನಕ ಎಳೆದಳು.

"ಅಕ್ಕಾರ, ಕೆಂಪ ಗುಂಡಿ ಬಾಣ ಹಿಡ್ಕೊಂಡು ಬಂದ್ರ ಇಲ್ಲಿ 'ದಿನಕ್ಕೊಮ್ಮೆ ಎಣ್ಣೆ ಬಿಡಿ' ಅಂತ ಐತಲ್ರಿ. ಗುಂಡಿಗೆ ಎಣ್ಣಿ ಬಿಡೂದೇನ್ರಿ?"

ಸುತ್ತ ನಿಂತವರು ನಕ್ಕರು. ಕೃಪಾ ಹಾಳೆಯ ಹತ್ತಿರ ಬಗ್ಗಿದಳು. ನೋಡಿದರೆ ಮಹಾದೇವಿ ಹೇಳಿದ್ದು ನಿಜ. ಹೊಸ ಫಾಂಟಿನ ಅಕ್ಷರ ಕೊಂಚ ಅಗಲ. ಎರಡನೇ ಸೂಚನೆ ಒಂದು ಸಾಲಿನಿಂದ ಎರಡು ಸಾಲಿಗೆ ಹರಿದು, ಕೆಳಗಿನದನ್ನೆಲ್ಲ ತಳ್ಳಿತ್ತು. ಬಾಣಗಳು ಮಾತ್ರ ಹಾಳೆಗೆ ಅಂಟಿಕೊಂಡಂತೆ ಇದ್ದಲ್ಲೇ ಇದ್ದವು.

"ನಾನು ಅಕ್ಷರ ನೋಡ್ದೆ, ಬಾಣ ನೋಡ್ಲಿಲ್ಲ ಕಣಮ್ಮ," ಎಂದಳು ಕೃಪಾ.

ಭಾನುಪ್ರಕಾಶ್ ಗೊಣಗಿದ. "ಎರಡು ಎಂಟರ್ ಹೊಡೆದು ಸರಿ ಮಾಡ್ಬಿಡಿ ಮೇಡಂ."

"ಮೊದಲು ಟೈಪ್ ಮಾಡಿದೋರೂ ಅದನ್ನೇ ಮಾಡಿರೋದು. ಎಂಟರು, ಸ್ಪೇಸು ಹೊಡೆದು ಹೊಡೆದು ಕೂರಿಸಿದ್ದಾರೆ. ಅದಕ್ಕೇ ಒಂದು ಸಾಲು ಅಲುಗಿದ್ರೆ ಎಲ್ಲಾ ಬೀಳುತ್ತೆ."

ಅವಳು ಅಂಗಡಿಗೆ ವಾಪಸು ಬಂದಳು. ಹಿಂದೆಯೇ ಭಾನುಪ್ರಕಾಶನ ಒಪ್ಪಿಗೆ ಪಡೆದು ಮಹಾದೇವಿಯೂ ಬಂದಳು. ಕೃಪಾ ಆ ಸ್ಪೇಸುಗಳನ್ನೆಲ್ಲ ಅಳಿಸಿ, ಒಂದು ಟೇಬಲ್ ಹಾಕಿ, ಒಂದೊಂದು ಸೂಚನೆಗೆ ಒಂದೊಂದು ಮನೆ ಮಾಡಿದಳು. ಮನೆಯ ಎತ್ತರ ಹೆಚ್ಚುಕಮ್ಮಿಯಾಗದಂತೆ ಕಟ್ಟಿಹಾಕಿ, ಅಕ್ಷರವನ್ನು ಒಂದು ಅಳತೆ ಕುಗ್ಗಿಸಿ, ನುಡಿಯ ಹಳೆಯ ಪ್ರಿಂಟನ್ನು ಪಕ್ಕದಲ್ಲಿಟ್ಟು ಬಾಣದಿಂದ ಬಾಣಕ್ಕೆ ಹೋಲಿಸಿದಳು. ಮಹಾದೇವಿ ಪರದೆಯ ಮೇಲೆ ಬೆರಳು ಎಳೆಯುತ್ತ ಓದಿದಳು. ಕೆಂಪು ಗುಂಡಿ, STOP. ಎಣ್ಣೆ, ಎಣ್ಣೆಯ ಕೊಳವೆಗೆ.

"ಈಗ ಛಲೋ ಆತ್ರಿ," ಎಂದಳು.

ಕೊನೆಯಲ್ಲಿ 'ಪರಿಶೀಲಿಸಿದವರು' ಎಂಬ ಖಾಲಿ ಜಾಗವಿತ್ತು. ಯಾರ ಹೆಸರು ಹಾಕಲಿ ಎಂದು ಕೃಪಾ ಭಾನುಪ್ರಕಾಶನಿಗೆ ಫೋನು ಮಾಡಿದಳು.

"ನನ್ ಹೆಸರು ಹಾಕಿ ಮೇಡಂ."

"ನೀವು ಪರಿಶೀಲಿಸಿದ್ರಾ?"

"ಸರಿ, ಆಯಮ್ಮಂದೇ ಹಾಕಿ."

ಕೃಪಾ 'ಮಹಾದೇವಿ, ಪ್ರೆಸ್ ವಿಭಾಗ' ಎಂದು ಟೈಪು ಮಾಡಿದಳು. ಮಹಾದೇವಿ ಅದನ್ನು ಎರಡು ಸಲ ಓದಿ, ಊರಲ್ಲಿರುವ ಅಣ್ಣನ ಮೊಬೈಲಿನಲ್ಲೂ ಇದು ಹಿಂಗೇ ಕಾಣುತ್ತದೆಯೇ ಎಂದು ಕೇಳಿದಳು. ಕಾಣುತ್ತದೆ ಎಂದು ಕೃಪಾ ಹೇಳಿದ ಮೇಲೆ, ಗ್ರೂಪಿಗಿಂತ ಮೊದಲು ತನ್ನ ನಂಬರಿಗೇ ಕಳಿಸಿಕೊಂಡಳು.